ಮದರಂಗಿಯಲ್ಲದ ಮದರಂಗಿ

ನಮ್ಮ ಚಿಕ್ಕಮ್ಮನಿಗೆ 64 ವರ್ಷ. ಮೈಸೂರಿನ ಅವರ ಮನೆಯ ಹಿತ್ತಲಲ್ಲಿ ಮದರಂಗಿ ಗಿಡ ಬೇಲಿಯಾಗಿ ಬೆಳೆದಿದೆ. ಹತ್ತು ವರ್ಷಗಳಿಂದ ತಿಂಗಳಿಗೊಮ್ಮೆ ಅದರ ಸೊಪ್ಪನ್ನೋ ಅಂಗಡಿಯ ಪುಡಿಯನ್ನೋ ಕಲಸಿ ತಲೆಗೆ ಹಚ್ಚಿಕೊಳ್ಳುತ್ತ ಬಂದಿದ್ದಾರೆ. ಕೂದಲು ಅರ್ಧ ಕಪ್ಪಿದ್ದಾಗ ಅದು ಚೆನ್ನಾಗಿಯೇ ಕಾಣುತ್ತಿತ್ತು. ಈಗ ತಲೆ ಬಹುಪಾಲು ಬೆಳ್ಳಗಾಗಿರುವುದರಿಂದ ಹಚ್ಚಿದ ಮರುದಿನ ಇಡೀ ತಲೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕಳೆದ ವರ್ಷ ಒಂದು ದಿನ ಕನ್ನಡಿ ಮುಂದೆ ನಿಂತು, "ಈ ಕೆಂಪು ಸಾಕಾಗಿದೆ ಕಣೇ. ಬಿಳಿ ಬಿಟ್ಟುಬಿಡೋಕೂ ಮನಸ್ಸಿಲ್ಲ. ಮಧ್ಯದ್ದೇನಾದ್ರೂ ಇದೆಯಾ?" ಎಂದು ಕೇಳಿದರು.

ಮಧ್ಯದ್ದೊಂದು ಇದೆ. ಮಾರುಕಟ್ಟೆಯಲ್ಲಿ ಅದನ್ನು ನ್ಯೂಟ್ರಲ್ ಹೆನ್ನಾ ಎಂದೋ, ಬಣ್ಣವಿಲ್ಲದ ಮೆಹಂದಿ ಎಂದೋ ಮಾರುತ್ತಾರೆ. ಆ ಹೆಸರನ್ನು ನಂಬಿ ನಾನೇ ಒಂದು ಪೊಟ್ಟಣ ತಂದೆ. ಕಲಸುವ ಮೊದಲು ಚಿಕ್ಕಮ್ಮ, "ಬಣ್ಣ ಇಲ್ಲದ ಮದರಂಗಿ ಅಂದ್ರೆ ಅದೇನು? ಸೊಪ್ಪಿಂದ ಬಣ್ಣ ತೆಗೆದುಬಿಟ್ಟಿರ್ತಾರಾ?" ಎಂದರು. ಉತ್ತರ ನನಗೆ ಗೊತ್ತಿರಲಿಲ್ಲ. ಹುಡುಕಿಕೊಂಡು ಹೋದ ಮೇಲೆ ತಿಳಿಯಿತು, ಅದು ಬಣ್ಣ ತೆಗೆದ ಮದರಂಗಿಯಲ್ಲ, ಮದರಂಗಿಯೇ ಅಲ್ಲ. ಅಷ್ಟೇ ಅಲ್ಲ, ಬಣ್ಣವಿಲ್ಲದ್ದೂ ಅಲ್ಲ.

ಎರಡು ಗಿಡ, ಒಂದೇ ಪುಡಿ

ಮದರಂಗಿಯ ಶಾಸ್ತ್ರೀಯ ಹೆಸರು ಲಾಸೋನಿಯಾ ಇನರ್ಮಿಸ್. ದಾಳಿಂಬೆ ಸೇರಿದ ಕುಟುಂಬಕ್ಕೇ ಇದೂ ಸೇರಿದೆ. ಎದುರುಬದುರಾಗಿ ಜೋಡಿಯಾಗಿ ಕೂತ ಸಣ್ಣ ಎಲೆ, ಗೊಂಚಲಾಗಿ ಬಿಡುವ ಪರಿಮಳದ ಪುಟ್ಟ ಹೂವು, ಆಮೇಲೆ ಕಾಳಿನಂಥ ಗುಂಡು ಕಾಯಿ. ನಮ್ಮಲ್ಲಿ ಇದನ್ನು ಗುರುತಿಸದವರು ಕಡಿಮೆ.

ನ್ಯೂಟ್ರಲ್ ಹೆನ್ನಾ ಎಂದು ಮಾರುವ ಪುಡಿ ಬರುವುದು ಬೇರೆಯೇ ಗಿಡದಿಂದ. ಹಳೆಯ ಪುಸ್ತಕಗಳಲ್ಲಿ ಅದರ ಹೆಸರು ಕ್ಯಾಸಿಯಾ ಓಬೊವಾಟಾ, ಈಗ ಸಸ್ಯಶಾಸ್ತ್ರಜ್ಞರು ಒಪ್ಪಿರುವ ಹೆಸರು ಸೆನ್ನಾ ಇಟಾಲಿಕಾ. ಪೊಟ್ಟಣದ ಮೇಲೆ ಎರಡರಲ್ಲಿ ಯಾವುದಾದರೂ ಇರಬಹುದು, ಗಿಡ ಒಂದೇ. ಇದು ಅವರೆ, ತೊಗರಿಗಳ ದೊಡ್ಡ ಕುಟುಂಬಕ್ಕೆ ಸೇರಿದ್ದು. ನಮ್ಮ ಬಯಲುಸೀಮೆಯ ರಸ್ತೆಬದಿಗಳಲ್ಲಿ ಹಳದಿ ಹೂ ಹೊತ್ತು ನಿಲ್ಲುವ ತಂಗಡಿಗೂ, ಮಲಬದ್ಧತೆಗೆ ಕೊಡುವ ಸೋನಾಮುಖಿಗೂ ಹತ್ತಿರದ ಬಂಧು. ಆಫ್ರಿಕಾದ ಒಣನಾಡುಗಳಿಂದ ಹಿಡಿದು ಅರಬ್ ದೇಶಗಳನ್ನು ಹಾದು ಭಾರತದವರೆಗೆ ನೀರು ಕಡಿಮೆ ಇರುವ ನೆಲದಲ್ಲಿ ತಗ್ಗಾಗಿ ಹರಡಿಕೊಂಡು ಬೆಳೆಯುತ್ತದೆ. ಒಂದು ಕಡ್ಡಿಯ ಎರಡೂ ಬದಿ ಸಾಲಾಗಿ ಕಿರು ಎಲೆಗಳು, ಅವುಗಳ ತುದಿ ಚೂಪಾಗಿರದೆ ದುಂಡಾಗಿರುತ್ತದೆ. ಹೂವು ಹಳದಿ. ಕಾಯಿ ಚಪ್ಪಟೆಯಾಗಿ ಕುಡುಗೋಲಿನಂತೆ ಬಾಗಿರುತ್ತದೆ.

ಗಿಡಗಳನ್ನು ಪಕ್ಕಪಕ್ಕ ಇಟ್ಟರೆ ಮಗುವೂ ವ್ಯತ್ಯಾಸ ಹೇಳಬಲ್ಲದು. ಆದರೆ ಎಲೆ ಒಣಗಿಸಿ, ನುಣ್ಣಗೆ ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿದ ಮೇಲೆ ಎರಡೂ ಒಂದೇ ಹಸಿರು ಪುಡಿ. ಗೊಂದಲ ಹುಟ್ಟುವುದೇ ಇಲ್ಲಿ. ಹೊರದೇಶದ ಮಾರುಕಟ್ಟೆಯಲ್ಲಿ ತಲೆಗೆ ಹಚ್ಚುವ ಗಿಡದ ಪುಡಿಗಳನ್ನೆಲ್ಲ ಹೆನ್ನಾ ಎಂದೇ ಕರೆಯುವ ರೂಢಿ ಬೆಳೆಯಿತು. ನಿಜವಾದ ಮದರಂಗಿ ಕೆಂಪು ಹೆನ್ನಾ ಆಯಿತು, ನೀಲಿ ಗಿಡದ ಪುಡಿ ಕಪ್ಪು ಹೆನ್ನಾ ಆಯಿತು, ಕ್ಯಾಸಿಯಾ ನ್ಯೂಟ್ರಲ್ ಹೆನ್ನಾ ಆಯಿತು. ಮೂರೂ ಬೇರೆ ಬೇರೆ ಗಿಡ, ಮೂರರ ಗುಣವೂ ಬೇರೆ. ಅದೇ ಹೆಸರುಗಳು ಪುಡಿಯ ಜೊತೆಗೆ ನಮ್ಮ ಅಂಗಡಿಗಳಿಗೂ ಬಂದಿವೆ.

ಒಂದು ಕಚ್ಚಿಕೊಳ್ಳುತ್ತದೆ, ಒಂದು ಮೇಲೆ ಕೂರುತ್ತದೆ

ಮದರಂಗಿ ಎಲೆಯ ಬಣ್ಣದ ಮೂಲ ಲಾಸೋನ್ ಎಂಬ ವಸ್ತು. ಒಣಗಿದ 100 ಗ್ರಾಂ ಎಲೆಯಲ್ಲಿ ಸಾಮಾನ್ಯವಾಗಿ 1ರಿಂದ 2 ಗ್ರಾಂನಷ್ಟು ಇರುತ್ತದೆ. ಅಷ್ಟೇ ಸಾಕು. ಕೂದಲು, ಉಗುರು, ಚರ್ಮದ ಮೇಲ್ಪದರ ಇವೆಲ್ಲ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದವು. ಲಾಸೋನ್ ಕಣದ ರಚನೆಯಲ್ಲಿ ಒಂದು ಬದಿ ತೆರೆದಿರುತ್ತದೆ. ಆ ಬದಿಯಿಂದ ಅದು ಕೆರಾಟಿನ್‌ಗೆ ಬೆಸೆದುಕೊಳ್ಳುತ್ತದೆ. ಬೆಸುಗೆ ಬಿದ್ದ ಮೇಲೆ ನೀರು, ಸೀಗೆಕಾಯಿ, ಶಾಂಪೂ ಯಾವುದಕ್ಕೂ ಅದು ಪೂರ್ತಿ ಬಿಡುವುದಿಲ್ಲ. ಅಂಗೈಯ ರಂಗು ವಾರ ಎರಡು ವಾರದಲ್ಲಿ ಮಾಯವಾಗುತ್ತದಲ್ಲ ಎನ್ನಬಹುದು. ಅಲ್ಲಿ ಹೋಗುವುದು ಬಣ್ಣವಲ್ಲ, ಬಣ್ಣ ಹೊತ್ತ ಚರ್ಮದ ಪದರವೇ ಉದುರುತ್ತದೆ. ಕೂದಲು ಹಾಗೆ ಪದರ ಉದುರಿಸುವುದಿಲ್ಲ. ಆದ್ದರಿಂದ ತಲೆಗೆ ಹಚ್ಚಿದ ಮದರಂಗಿಯನ್ನು ಕತ್ತರಿಸಿಯೇ ತೆಗೆಯಬೇಕು. ಅದರ ಮೇಲೆ ಮತ್ತೆ ಹಚ್ಚಿದರೆ ಹೊಸ ಬಣ್ಣ ಹಳೆಯದಕ್ಕೆ ಸೇರಿ ಇನ್ನಷ್ಟು ಗಾಢವಾಗುತ್ತದೆ. ಚಿಕ್ಕಮ್ಮನ ಕೂದಲಿನ ಬುಡ ಕಿತ್ತಳೆಯಾಗಿದ್ದು ತುದಿ ಇಟ್ಟಿಗೆ ಬಣ್ಣಕ್ಕೆ ಹೋಗಿದ್ದಕ್ಕೆ ಇದೇ ಕಾರಣ.

ಕ್ಯಾಸಿಯಾದಲ್ಲಿ ಲಾಸೋನ್ ಇಲ್ಲ. ಅದರ ಹಳದಿಗೆ ಕಾರಣವೆಂದು ಮುಖ್ಯವಾಗಿ ಹೇಳುವುದು ಕ್ರೈಸೋಫೆನಾಲ್ ಎಂಬ ವಸ್ತುವನ್ನು. ಹೆಸರಿನ ಮೊದಲ ಭಾಗ ಗ್ರೀಕ್ ಭಾಷೆಯಲ್ಲಿ ಚಿನ್ನ ಎಂಬ ಅರ್ಥ ಕೊಡುತ್ತದೆ. ರೂಬಾರ್ಬ್ ಎಂಬ ಗಿಡದ ಹಳದಿ ಬೇರಿನಲ್ಲೂ ಇದೇ ಇದೆ. ಇದರ ಕಣದಲ್ಲಿ ಲಾಸೋನಿನ ಹಾಗೆ ತೆರೆದ ಬದಿ ಇಲ್ಲ, ಎರಡೂ ಕಡೆ ಮುಚ್ಚಿದೆ. ಹೀಗಾಗಿ ಕೂದಲಿಗೆ ಬೆಸೆದುಕೊಳ್ಳುವುದಿಲ್ಲ, ಮೇಲೆ ಮೇಲೆ ಹತ್ತಿ ಕೂರುತ್ತದೆ. ಪ್ರತಿ ತಲೆಸ್ನಾನಕ್ಕೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡುತ್ತ ಕೆಲವು ವಾರಗಳಲ್ಲಿ ಮಾಸುತ್ತದೆ.

ಬಣ್ಣವೂ ತಿಳಿಹಳದಿ. ಕಪ್ಪು ಕೂದಲಿನ ಮೇಲೆ ಅದು ಕಾಣುವುದೇ ಇಲ್ಲ. ಕಪ್ಪು ಹಲಗೆಯ ಮೇಲೆ ಅರಿಸಿನದ ನೀರು ಸವರಿದ ಹಾಗೆ. ನ್ಯೂಟ್ರಲ್ ಎಂಬ ಹೆಸರು ಹುಟ್ಟಿದ್ದೂ ಇದರಿಂದಲೇ. ಕಪ್ಪು, ಕಂದು ತಲೆಯವರು ಹಚ್ಚಿಕೊಂಡಾಗ ಬಣ್ಣ ಬದಲಾಗಲಿಲ್ಲ, ಹೊಳಪು ಮಾತ್ರ ಬಂತು. ಆದರೆ ಬಿಳಿ ಕೂದಲಿನ ಮೇಲೆ, ಹುಟ್ಟಾ ತಿಳಿಬಣ್ಣದ ಕೂದಲಿನ ಮೇಲೆ, ಬ್ಲೀಚ್ ಮಾಡಿದ ಕೂದಲಿನ ಮೇಲೆ ಅದೇ ಪುಡಿ ಹೊಂಬಣ್ಣ ತರುತ್ತದೆ. ನಮ್ಮ ತಲೆಗಳಲ್ಲಿ ಹಾಗಾಗುವುದು ನರೆತ ಕೂದಲಿಗೆ ಮಾತ್ರ.

ಇನ್ನು ಕಂಡೀಷನರ್ ಗುಣದ ಮಾತು. ಕೂದಲಿನ ಮೇಲ್ಮೈಯಲ್ಲಿ ಮನೆಯ ಹಂಚಿನ ಹಾಗೆ ಒಂದರ ಮೇಲೊಂದು ಜೋಡಿಸಿದ ಚಿಕ್ಕ ಚಿಕ್ಕ ಹುರುಪೆಗಳಿರುತ್ತವೆ. ವಯಸ್ಸು, ಬಿಸಿಲು, ಉಜ್ಜಾಟದಿಂದ ಅವು ಎದ್ದು ನಿಂತಾಗ ಕೂದಲು ಒರಟಾಗಿ ಮಂಕಾಗುತ್ತದೆ. ಗಿಡದ ಪುಡಿಯ ಲೇಪ ಅದರ ಮೇಲೆ ತೆಳುವಾಗಿ ಕೂತಾಗ ಎಳೆ ಕೊಂಚ ದಪ್ಪ ಎನಿಸುತ್ತದೆ, ಬೆಳಕಿಗೆ ಮಿನುಗುತ್ತದೆ. ಮದರಂಗಿಯಲ್ಲಿ ಈ ಗುಣ ಹೆಚ್ಚು ಕಾಲ ಉಳಿಯುತ್ತದೆ, ಕ್ಯಾಸಿಯಾದಲ್ಲಿ ಬಣ್ಣದ ಜೊತೆಗೇ ಕಡಿಮೆಯಾಗುತ್ತದೆ. ಉದುರಿದ ಕೂದಲನ್ನು ಹುಟ್ಟಿಸುವ ಶಕ್ತಿ ಎರಡಕ್ಕೂ ಇಲ್ಲ.

ಅಂಗೈಯ ಪರೀಕ್ಷೆ

ನಾನು ತಂದಿದ್ದ ಪೊಟ್ಟಣದ ಮೇಲೆ ಗಿಡದ ಹೆಸರು ಎಲ್ಲೂ ಇರಲಿಲ್ಲ. ಬಣ್ಣರಹಿತ ಮೆಹಂದಿ ಎಂಬಷ್ಟೇ ದೊಡ್ಡ ಅಕ್ಷರ. ತಲೆಗೆ ಹಚ್ಚುವ ಮೊದಲು ಒಂದು ಚಮಚ ಪುಡಿಯನ್ನು ನೀರು, ನಿಂಬೆರಸದಲ್ಲಿ ಕಲಸಿ ರಾತ್ರಿಯಿಡೀ ಮುಚ್ಚಿಟ್ಟೆವು. ಬೆಳಿಗ್ಗೆ ಚಿಕ್ಕಮ್ಮನ ಅಂಗೈ ನಡುವೆ ಅದರಿಂದ ಒಂದು ರೂಪಾಯಿ ನಾಣ್ಯದಷ್ಟು ಬೊಟ್ಟು ಇಟ್ಟೆ. ಒಂದು ಗಂಟೆಯ ನಂತರ ಒರೆಸಿದರೆ ಅಚ್ಚುಕಟ್ಟಾದ ಕಿತ್ತಳೆ ಚುಕ್ಕೆ. ಮಾರನೆಯ ದಿನಕ್ಕೆ ಅದು ಕೆಂಪಾಗಿ ಕೂತಿತ್ತು. ಚಿಕ್ಕಮ್ಮ ನಗಲಿಲ್ಲ. "ಇದನ್ನ ತಲೆಗೆ ಹಚ್ಚಿದ್ರೆ ಮತ್ತದೇ ಕೆಂಪು" ಎಂದರು. ಪೊಟ್ಟಣದಲ್ಲಿದ್ದದ್ದು ಮದರಂಗಿ, ಅಥವಾ ಮದರಂಗಿ ಬೆರೆಸಿದ ಪುಡಿ.

ಎರಡನೆಯ ಸಲ ಗಿಡದ ಶಾಸ್ತ್ರೀಯ ಹೆಸರು ಮುದ್ರಿಸಿದ್ದ, ಬೇರೇನೂ ಬೆರೆಸಿಲ್ಲವೆಂದು ಬರೆದಿದ್ದ ಪುಡಿಯನ್ನೇ ಹುಡುಕಿ ತರಿಸಿದೆವು. ಅದೇ ಪರೀಕ್ಷೆ ಮಾಡಿದಾಗ ಅಂಗೈಯಲ್ಲಿ ಮಸುಕು ಹಳದಿ ಉಳಿದು, ಸಾಬೂನು ಹಾಕಿದೊಡನೆ ಹೋಯಿತು. ಅದು ಕ್ಯಾಸಿಯಾ ನಡೆದುಕೊಳ್ಳುವ ರೀತಿ. ಮದರಂಗಿಯ ಸುಳಿವು ಸಿಗಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಬಣ್ಣ ನೋಡಿ, ವಾಸನೆ ನೋಡಿ ಹೇಳುವುದು ಪಳಗಿದವರಿಗೂ ಕಷ್ಟ. ನೆನಸಿಟ್ಟ ಕಲಸನ್ನೇ ಬಳಸಬೇಕೆಂಬುದು ಮಾತ್ರ ಮುಖ್ಯ, ಆಗತಾನೇ ಕಲಸಿದ ಮದರಂಗಿಯೂ ಗಂಟೆಯೊಳಗೆ ಚೆನ್ನಾಗಿ ರಂಗು ಬಿಡದೆ ಮೋಸಮಾಡಬಹುದು.

ಅಂಗೈ ಹೇಳಲಾಗದ ಒಂದು ಸಂಗತಿ ಇದೆ. ಪುಡಿಗೆ ಲೋಹದ ಲವಣ, ಕೃತಕ ಬಣ್ಣ ಸೇರಿಸಿದ್ದರೆ ಅದು ಯಾವಾಗಲೂ ಈ ಪರೀಕ್ಷೆಗೆ ಸಿಗುವುದಿಲ್ಲ. ಬೇಗ ಕಪ್ಪಾಗಿಸುವ ಕಪ್ಪು ಮೆಹಂದಿಗಳಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುವುದುಂಟು, ಅದರಿಂದ ಕೆಲವರಿಗೆ ಚರ್ಮ ಬೊಬ್ಬೆ ಬರುವಷ್ಟು ಅಲರ್ಜಿಯಾಗುತ್ತದೆ. ಹಾಗಾಗಿ ಪೊಟ್ಟಣದಲ್ಲಿ ಏನೇನಿದೆ ಎಂಬ ಪಟ್ಟಿ ಇಲ್ಲದಿದ್ದರೆ ಕೊಳ್ಳದಿರುವುದೇ ಸರಿ. ಶುದ್ಧ ಗಿಡದ ಪುಡಿಯಾದರೂ ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಎರಡು ದಿನ ಕಾದು, ತುರಿಕೆ ಬಾರದಿದ್ದರೆ ಮುಂದುವರಿಯಬೇಕು.

ಬಾಚಣಿಗೆಯ ಕೂದಲು ಹೇಳಿದ್ದು

ಸರಿಯಾದ ಪುಡಿ ಸಿಕ್ಕರೂ ಒಂದು ತೊಡಕು ಉಳಿದಿತ್ತು. ಚಿಕ್ಕಮ್ಮನ ತಲೆಯಲ್ಲಿ ಬುಡದಿಂದ ಎರಡು ಇಂಚು ಹೊಸ ಬಿಳಿ ಕೂದಲು, ಅದರ ಕೆಳಗೆ ಹಳೆಯ ಮದರಂಗಿ. ಕ್ಯಾಸಿಯಾ ಆ ಕೆಂಪನ್ನು ಮುಚ್ಚಲಾರದು, ತಿಳಿಯಾಗಿಸಲೂ ಆರದು. ಬುಡಕ್ಕೆ ಬರೀ ಕ್ಯಾಸಿಯಾ ಹಚ್ಚಿದರೆ ಮೇಲೆ ಹಳದಿ, ಕೆಳಗೆ ಇಟ್ಟಿಗೆ ಬಣ್ಣವಾಗಿ ಗೆರೆ ಎಳೆದಂತೆ ಕಾಣುತ್ತಿತ್ತು.

ಇದಕ್ಕೆ ಉಪಾಯ ಕ್ಯಾಸಿಯಾದ ಇನ್ನೊಂದು ಗುಣದಲ್ಲಿದೆ. ಮದರಂಗಿಗೆ ಅದನ್ನು ಬೆರೆಸಿದರೆ, ಡಿಕಾಕ್ಷನ್ನಿಗೆ ಹಾಲು ಬೆರೆಸಿದ ಹಾಗೆ, ಕೆಂಪು ತಿಳಿಯಾಗುತ್ತದೆ. ಎಷ್ಟು ಬೆರೆಸಬೇಕು ಎಂಬುದನ್ನು ತಲೆಯ ಮೇಲೆ ಪ್ರಯೋಗ ಮಾಡಿ ನೋಡುವಂತಿಲ್ಲ, ಮದರಂಗಿಯ ಪಾಲು ತಪ್ಪಿದರೆ ಹಿಂದಕ್ಕೆ ಬರುವುದಿಲ್ಲ. ಅದಕ್ಕಾಗಿ ಒಂದು ವಾರ ಚಿಕ್ಕಮ್ಮ ಬಾಚಣಿಗೆಗೆ ಬಂದ ಕೂದಲನ್ನು ಎಸೆಯದೆ ಕಾಗದದಲ್ಲಿ ಸುತ್ತಿಟ್ಟರು. ಅದರಲ್ಲಿ ಬಿಳಿ ಎಳೆಗಳನ್ನು ಆರಿಸಿ, ಮೂರು ಸಣ್ಣ ಕಟ್ಟು ಮಾಡಿ, ಬುಡಕ್ಕೆ ದಾರ ಕಟ್ಟಿದೆವು. ಮೂರು ಬಟ್ಟಲಲ್ಲಿ ಮೂರು ಕಲಸು. ಮೊದಲನೆಯದು ಬರೀ ಕ್ಯಾಸಿಯಾ. ಎರಡನೆಯದರಲ್ಲಿ ಒಂಬತ್ತು ಪಾಲು ಕ್ಯಾಸಿಯಾಕ್ಕೆ ಒಂದು ಪಾಲು ಮದರಂಗಿ. ಮೂರನೆಯದರಲ್ಲಿ ಮೂರು ಪಾಲಿಗೆ ಒಂದು ಪಾಲು.

ನಾಲ್ಕು ಗಂಟೆ ಬಿಟ್ಟು ತೊಳೆದು, ಬಿಳಿ ಕಾಗದದ ಮೇಲೆ ಒಣಗಿಸಿ, ಎರಡು ದಿನ ಕಾದೆವು. ತೊಳೆದ ಕೂಡಲೇ ಕಾಣುವ ಬಣ್ಣ ಕೊನೆಯದಲ್ಲ, ಗಾಳಿಗೆ ತೆರೆದುಕೊಂಡು ಒಂದೆರಡು ದಿನದಲ್ಲಿ ಅದು ನಿಲ್ಲುತ್ತದೆ. ಮೊದಲ ಕಟ್ಟು ಒಣ ಹುಲ್ಲಿನ ತಿಳಿ ಹೊಂಬಣ್ಣಕ್ಕೆ ಬಂದಿತ್ತು. ಎರಡನೆಯದು ಜೇನಿನ ಬಣ್ಣ, ಬಿಸಿಲಿಗೆ ಹಿಡಿದರೆ ತುಸು ತಾಮ್ರ. ಮೂರನೆಯದು ಮತ್ತೆ ಕಿತ್ತಳೆಯ ಕಡೆಗೇ ವಾಲಿತ್ತು. ಚಿಕ್ಕಮ್ಮ ಎರಡನೆಯದನ್ನು ಹಳೆಯ ಕೂದಲಿನ ಪಕ್ಕ ಹಿಡಿದು ನೋಡಿ, "ಇದು ಅದಕ್ಕೂ ಒಗ್ಗತ್ತೆ, ನನಗೂ ಒಗ್ಗತ್ತೆ" ಎಂದು ಆರಿಸಿದರು.

ಕಲಸುವ ಹದ

ಅವರದು ಭುಜದವರೆಗಿನ ತೆಳು ಕೂದಲು, ಹಚ್ಚಬೇಕಾಗಿದ್ದು ಬುಡಕ್ಕೆ ಮಾತ್ರ. 90 ಗ್ರಾಂ ಕ್ಯಾಸಿಯಾ, 10 ಗ್ರಾಂ ಮದರಂಗಿ ಸಾಕಾಯಿತು. ಇಡೀ ತಲೆಗಾದರೆ ಭುಜದುದ್ದದ ಕೂದಲಿಗೆ 200 ಗ್ರಾಂ, ಸೊಂಟದವರೆಗಿದ್ದರೆ ಅದರ ಎರಡರಷ್ಟು ಬೇಕಾದೀತು.

ಇಲ್ಲಿ ಹುಳಿ ಮುಖ್ಯ. ಎಲೆಯೊಳಗಿನ ಬಣ್ಣವನ್ನು ಬಿಡಿಸುವುದೇ ಸೌಮ್ಯವಾದ ಹುಳಿ ಮತ್ತು ಸಮಯ. ಬರೀ ಬಿಸಿನೀರಿನಲ್ಲಿ ಕಲಸಿ ಆಗಲೇ ಹಚ್ಚಿದರೆ ಕ್ಯಾಸಿಯಾ ಹೊಳಪಷ್ಟನ್ನೇ ಕೊಡುತ್ತದೆ, ಹೊಂಬಣ್ಣ ಬರುವುದಿಲ್ಲ. ಬಣ್ಣ ಬೇಡ, ಕಂಡೀಷನರ್ ಮಾತ್ರ ಸಾಕು ಎನ್ನುವವರು ಹಾಗೆಯೇ ಮಾಡಿ ಒಂದು ಗಂಟೆಯಲ್ಲಿ ತೊಳೆಯಬಹುದು. ಬಣ್ಣವೂ ಬೇಕಾದ ನಾವು ಎರಡು ಮೂರು ನಿಂಬೆಹಣ್ಣಿನ ರಸಕ್ಕೆ ನೀರು ಬೆರೆಸಿ, ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ, ಮುಚ್ಚಿ ರಾತ್ರಿಯಿಡೀ ಬಿಟ್ಟೆವು. ಬರೀ ನಿಂಬೆರಸದಲ್ಲಿ ಕಲಸಿದರೆ ತಲೆ ಉರಿಯುತ್ತದೆ, ಕೂದಲು ಒಣಗುತ್ತದೆ. ಬೇಸಿಗೆಯಲ್ಲಿ ಆರೇಳು ಗಂಟೆಯೇ ಸಾಕು. ದಿನಗಟ್ಟಲೆ ಇಟ್ಟರೆ ಬಿಡುಗಡೆಯಾದ ಬಣ್ಣ ಕಲಸಿನಲ್ಲೇ ಸತ್ವ ಕಳೆದುಕೊಳ್ಳುತ್ತದೆ.

ನಮ್ಮ ಮನೆಗಳ ಒಂದು ಅಭ್ಯಾಸವನ್ನು ಇಲ್ಲಿ ಬಿಡಬೇಕು. ಮದರಂಗಿಯನ್ನು ಕಬ್ಬಿಣದ ಬಾಣಲೆಯಲ್ಲಿ, ಟೀ ಡಿಕಾಕ್ಷನ್ನಿನಲ್ಲಿ ಕಲಸುತ್ತೇವೆ. ಟೀಯ ಒಗರು ಮತ್ತು ಕಬ್ಬಿಣ ಸೇರಿದಾಗ ಕಪ್ಪು ಛಾಯೆ ಬರುತ್ತದೆ, ಕೆಂಪನ್ನು ಗಾಢವಾಗಿಸಲು ಅದು ಸರಿ. ತಿಳಿ ಹೊಂಬಣ್ಣವನ್ನು ಅದೇ ಕೆಡಿಸುತ್ತದೆ. ಕ್ಯಾಸಿಯಾಕ್ಕೆ ಗಾಜು, ಪಿಂಗಾಣಿ ಅಥವಾ ಸ್ಟೀಲಿನ ಪಾತ್ರೆ ಇರಲಿ, ದ್ರವ ನಿಂಬೆ ಬೆರೆಸಿದ ನೀರಷ್ಟೇ ಇರಲಿ.

ಎಣ್ಣೆ ಜಿಡ್ಡಿಲ್ಲದ ಒಣ ಕೂದಲಿಗೆ ಬೈತಲೆ ಬೈತಲೆ ತೆಗೆದು ದಪ್ಪಗೆ ಹಚ್ಚಿದೆ. ಒಣಗಿದರೆ ಬಣ್ಣ ಹಿಡಿಯುವುದಿಲ್ಲವಾದ್ದರಿಂದ ಮೇಲೆ ಪ್ಲಾಸ್ಟಿಕ್ ಹೊದಿಕೆ ಕಟ್ಟಿದೆವು. ನಾಲ್ಕು ಗಂಟೆಯ ನಂತರ ಬಕೆಟ್ ನೀರಿನಲ್ಲಿ ತಲೆ ಅದ್ದಿ ಅದ್ದಿ, ನೀರು ತಿಳಿಯಾಗುವವರೆಗೆ ತೊಳೆದೆವು. ಪುಡಿ ಉಳಿದರೆ ಬಿಳಿ ಕೂದಲ ನಡುವೆ ಹಸಿರು ಹಸಿರಾಗಿ ಕಾಣುತ್ತದೆ. ಮೊದಲ ದಿನ ಕೂದಲು ಒಣಗಿ ಸಿಕ್ಕಾಗಿದ್ದು ಕಂಡು ಚಿಕ್ಕಮ್ಮನಿಗೆ ಗಾಬರಿಯಾಯಿತು. ಎರಡನೆಯ ದಿನ ಎರಡು ಹನಿ ಕೊಬ್ಬರಿ ಎಣ್ಣೆ ಸವರಿದ ಮೇಲೆ ಮೆತ್ತಗಾಯಿತು. ಮೂರನೆಯ ದಿನದ ಬಿಸಿಲಿನಲ್ಲಿ ಬುಡ ಜೇನಿನ ಬಣ್ಣದಲ್ಲಿ ಹೊಳೆಯುತ್ತಿತ್ತು. ಹಳೆಯ ಕೆಂಪಿನ ಜೊತೆ ಕೂಡುವ ಗೆರೆ ಹುಡುಕಿದರಷ್ಟೇ ಕಾಣುತ್ತಿತ್ತು.

ಎಲ್ಲಿಯವರೆಗೆ, ಎಲ್ಲಿಂದಾಚೆ ಇಲ್ಲ

ಆರು ವಾರದ ಹೊತ್ತಿಗೆ ಆ ಜೇನು ಬಣ್ಣದ ಹಳದಿ ಪಾಲು ಮಾಸಿ, ಒಂದು ಪಾಲು ಮದರಂಗಿಯ ತಿಳಿ ತಾಮ್ರ ಉಳಿದಿತ್ತು. ಇದು ಲೆಕ್ಕ ಹಾಕಿದ್ದೇ. ಎರಡನ್ನೂ ಬೆರೆಸಿದಾಗ ಒಂದು ಹೋಗುತ್ತದೆ, ಇನ್ನೊಂದು ನಿಲ್ಲುತ್ತದೆ. ಅದಕ್ಕೇ ಬೆರಕೆಯನ್ನು ಪ್ರತಿ ಸಲವೂ ಹೊಸದಾಗಿ ಬಂದ ಬುಡಕ್ಕೆ ಮಾತ್ರ ಹಚ್ಚಬೇಕು. ತಿಂಗಳು ತಿಂಗಳೂ ತುದಿಯವರೆಗೆ ಎಳೆದರೆ ಒಂದೊಂದೇ ಪಾಲು ಕೂಡಿ ಕೂಡಿ ಮತ್ತೆ ಕೆಂಪಿಗೇ ಬಂದು ನಿಲ್ಲುತ್ತದೆ. ತುದಿಯ ಹೊಂಬಣ್ಣಕ್ಕೆ ಮರುಜೀವ ಬೇಕೆನಿಸಿದರೆ ಅಲ್ಲಿಗೆ ಬರೀ ಕ್ಯಾಸಿಯಾ ಹಚ್ಚಬಹುದು, ಎಷ್ಟು ಸಲ ಹಚ್ಚಿದರೂ ಅದು ಕೆಂಪಾಗುವುದಿಲ್ಲ.

ಪೂರ್ತಿ ಕಪ್ಪು ಕೂದಲಿನವರು ಹೊಂಬಣ್ಣದ ಆಸೆಯಿಂದ ಇದನ್ನು ಕೊಂಡರೆ ಹಣ ವ್ಯರ್ಥ. ಕಪ್ಪನ್ನು ತಿಳಿಯಾಗಿಸುವ ಶಕ್ತಿ ಯಾವ ಎಲೆಯ ಪುಡಿಗೂ ಇಲ್ಲ. ಅಲ್ಲೊಂದು ಇಲ್ಲೊಂದು ನರೆಗೂದಲು ಇರುವವರಿಗೆ ಆ ಎಳೆಗಳು ಮಾತ್ರ ಬಂಗಾರದ ಸರಿಗೆಯಂತೆ ಕಾಣುತ್ತವೆ, ಉಳಿದ ಕಪ್ಪು ಹಾಗೆಯೇ ಇರುತ್ತದೆ. ನರೆಯನ್ನು ಕಪ್ಪು ಮಾಡಬೇಕೆನ್ನುವವರಿಗೆ ಇದು ಉತ್ತರವಲ್ಲ. ಇನ್ನೊಂದು ಎಚ್ಚರ, ಇದು ಸೋನಾಮುಖಿಯ ಬಂಧುವಾದ್ದರಿಂದ ಹೊಟ್ಟೆಗೆ ಹೋದರೆ ಭೇದಿಯಾಗಬಹುದು. ಡಬ್ಬಿಯನ್ನು ಅಡುಗೆಮನೆಯಲ್ಲಿ ಇಡಬೇಡಿ.

ಮದರಂಗಿ ಕೆಟ್ಟದ್ದು, ಕ್ಯಾಸಿಯಾ ಒಳ್ಳೆಯದು ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಗಾಢವಾಗಿ, ಶಾಶ್ವತವಾಗಿ ಕೆಂಪು ಬೇಕೆನ್ನುವವರಿಗೆ ಮದರಂಗಿಗಿಂತ ನಂಬಿಕೆಯ ಗಿಡವಿಲ್ಲ. ಮನಸ್ಸು ಬದಲಾದರೆ ಹಿಂದಿರುಗಲು ದಾರಿ ಇರಲಿ ಎನ್ನುವ ನರೆತ ತಲೆಯವರಿಗೆ ಕ್ಯಾಸಿಯಾ ಇದೆ. ಎರಡರ ನಡುವೆ ಇರುವ ಈ ವ್ಯತ್ಯಾಸವನ್ನೇ ಪೊಟ್ಟಣದ ಹೆಸರು ಮರೆಸುತ್ತದೆ, ಅದೇ ನನಗೆ ನೋವಿನ ಸಂಗತಿ. ಆದ್ದರಿಂದ ಓದುಗರಲ್ಲಿ ನನ್ನದೊಂದೇ ಕೋರಿಕೆ. ನ್ಯೂಟ್ರಲ್ ಎಂದು ಬರೆದ ಯಾವುದೇ ಹಸಿರು ಪುಡಿ ಮನೆಗೆ ಬಂದಾಗ, ಒಂದು ಚಮಚವನ್ನು ನಿಂಬೆರಸದಲ್ಲಿ ನೆನೆಸಿ, ಮರುದಿನ ಅಂಗೈಗೆ ಒಂದು ಬೊಟ್ಟು ಇಟ್ಟು, ಒಂದು ಗಂಟೆ ಕಾಯಿರಿ. ಅಂಗೈ ಕಿತ್ತಳೆಯಾದರೆ ಆ ಪುಡಿಯಲ್ಲಿ ಮದರಂಗಿ ಇದೆ, ಅದು ತಲೆಗೆ ಹೋದರೆ ಕತ್ತರಿಯ ಹೊರತು ಬರುವುದಿಲ್ಲ.